ದೊಡ್ಡ ಪಂಪ್ ತರಿಸುವ ಮುನ್ನ: ಹೋಟೆಲ್ ಮೆಂಟೆನೆನ್ಸ್ ಮಿತ್ರರಿಗೆ ಒಂದು ಬಹಿರಂಗ ಪತ್ರ

ಹೋಟೆಲ್‌ಗಳ ಮೆಂಟೆನೆನ್ಸ್ ವಿಭಾಗದಲ್ಲಿ ದುಡಿಯುವ ಮಿತ್ರರಿಗೆ ಮತ್ತು ಅವರಿಗೆ ಕೆಲಸ ಮಾಡಿಕೊಡುವ ಪ್ಲಂಬಿಂಗ್ ಕಂಟ್ರಾಕ್ಟರ್‌ಗಳಿಗೆ,

ಬಿಸಿನೀರಿನ ಲೈನ್‌ಗಳನ್ನು ಡಿಸೈನ್ ಮಾಡುವುದು, ಕೆಟ್ಟರೆ ಹೋಗಿ ನೋಡುವುದು ನನ್ನ ಕಸುಬು. ಮಳೆಗಾಲ ಶುರುವಾದರೆ ನಿಮ್ಮಲ್ಲಿ ಹಲವರಿಂದ ಒಂದೇ ದೂರು ಬರುತ್ತದೆ: ವಿಂಗ್‌ನ ಕೊನೆಯ ರೂಮುಗಳಿಗೆ ಬಿಸಿನೀರು ಬರುತ್ತಿಲ್ಲ, ಗೆಸ್ಟ್ ರಿಸೆಪ್ಷನ್‌ಗೆ ಬಂದು ಕೂಗಾಡುತ್ತಿದ್ದಾರೆ, ರಿಟರ್ನ್ ಪಂಪ್ ಸಾಲುತ್ತಿಲ್ಲ, ದೊಡ್ಡದು ಹಾಕೋಣವೇ ಎಂದು. ಸಾಮಾನ್ಯವಾಗಿ ಆ ಹೊತ್ತಿಗೆ ಒಂದು ಎಚ್‌ಪಿ ಪಂಪಿನ ಕೊಟೇಷನ್ ಮ್ಯಾನೇಜರ್ ಮೇಜಿನ ಮೇಲೆ ಬಂದು ಕೂತಿರುತ್ತದೆ. ಆ ಕೊಟೇಷನ್‌ಗೆ ಸಹಿ ಬೀಳುವ ಮುಂಚೆ ನೀವು ಓದಲಿ ಎಂದೇ ಈ ಪತ್ರ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ವಿಂಗ್ ಇಟ್ಟುಕೊಂಡೇ ಮಾತಾಡೋಣ. ಹೆಸರು ಬೇಡ, ಇಂಥ ವಿಂಗ್ ಮೈಸೂರಿನಲ್ಲೂ ಇದೆ, ಮಡಿಕೇರಿಯಲ್ಲೂ ಇದೆ. ನಾಲ್ಕು ಮಹಡಿ, ಮಹಡಿಗೆ 12 ರೂಮು, ಒಟ್ಟು 48. ಬೆನ್ನಿಗೆ ಬೆನ್ನು ಕೊಟ್ಟ ಎರಡೆರಡು ಬಾತ್‌ರೂಮಿಗೆ ಒಂದು ಶಾಫ್ಟ್, ಹೀಗೆ ಆರು ಶಾಫ್ಟ್. ಹೀಟ್ ಪಂಪ್, ಟ್ಯಾಂಕು ಎರಡೂ ಟೆರೇಸಿನ ಒಂದು ತುದಿಯಲ್ಲಿ. ಅಲ್ಲಿಂದ 50 ಮಿ.ಮೀ. ಸಿಪಿವಿಸಿ ಮೇನ್ ಲೈನ್ 52 ಮೀಟರ್ ಓಡುತ್ತದೆ. ಮೊದಲ ಶಾಫ್ಟ್ 12 ಮೀಟರಿಗೆ, ಆಮೇಲೆ ಪ್ರತಿ 8 ಮೀಟರಿಗೊಂದು. ಪ್ರತಿ ಶಾಫ್ಟಿನಲ್ಲಿ 32 ಮಿ.ಮೀ. ಡ್ರಾಪ್ ಪೈಪ್ 12 ಮೀಟರ್ ಇಳಿದು, ಕೆಳಗಿನಿಂದ 20 ಮಿ.ಮೀ. ರಿಟರ್ನ್ ಆಗಿ ಅಷ್ಟೇ ದೂರ ಮೇಲೆ ಹತ್ತುತ್ತದೆ. ಆರೂ ರಿಟರ್ನ್‌ಗಳು ಟೆರೇಸಿನ 32 ಮಿ.ಮೀ. ಹೆಡರ್‌ಗೆ ಸೇರಿ, ಪಂಪಿನ ಮೂಲಕ ಟ್ಯಾಂಕಿಗೆ ವಾಪಸು. ಪಂಪು ಚಿಕ್ಕದು, ಗಂಟೆಗೆ ಸುಮಾರು 500 ಲೀಟರ್ ತಳ್ಳುತ್ತದೆ.

ದೂರು ಇದ್ದದ್ದು ಆರನೆಯ ಶಾಫ್ಟಿನ ನೆಲಮಹಡಿಯ ರೂಮುಗಳಿಂದ. ಅಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ಒಂದು ಬಕೆಟ್ ಪೂರ್ತಿ ಉಗುರುಬೆಚ್ಚಗಿನ ನೀರು ಬಂದು, ಆಮೇಲೆ ನಿಜವಾದ ಬಿಸಿ. ಈ ಬಕೆಟ್ ಲೆಕ್ಕವನ್ನು ಕಡೆಗಣಿಸಬೇಡಿ, ಅದು ಒಳ್ಳೆಯ ಮೀಟರು. ಡ್ರಾಪ್ ಪೈಪಿನಿಂದ ನಲ್ಲಿಯವರೆಗಿನ ಅರ್ಧ ಇಂಚಿನ ಕವಲಿನಲ್ಲಿ, ಐದು ಮೀಟರ್ ಉದ್ದವಿದ್ದರೂ, ಹಿಡಿಯುವುದು ಅರ್ಧ ಲೀಟರ್ ಚಿಲ್ಲರೆ. ಒಂದು ಚೊಂಬು ತಣ್ಣೀರಿನ ನಂತರ ಬಿಸಿ ಬಂದರೆ ಲೂಪ್ ಚೆನ್ನಾಗಿದೆ. 12 ಮೀಟರ್ ಡ್ರಾಪ್ ಪೈಪಿನಲ್ಲಿ ಸುಮಾರು 8 ಲೀಟರ್ ನೀರಿರುತ್ತದೆ. ಅರ್ಧ ಬಕೆಟ್ ಹತ್ತಿರ ಹೋಯಿತೆಂದರೆ ಆ ಶಾಫ್ಟಿನಲ್ಲಿ ನೀರು ಸರಿಯಾಗಿ ತಿರುಗುತ್ತಿಲ್ಲ. ಮೇನ್ ಲೈನಿನ ಪ್ರತಿ ಮೀಟರಿನಲ್ಲಿ ಒಂದೂವರೆ ಲೀಟರ್ ಇರುವುದರಿಂದ ಕೊನೆಯ 8 ಮೀಟರಿನಲ್ಲಿ ಇನ್ನೊಂದು 12 ಲೀಟರ್. ಪೂರ್ತಿ ಬಕೆಟ್ ಹೋಯಿತೆಂದರೆ ಮೇನ್ ಲೈನಿನ ತುದಿಯೂ ತಣ್ಣಗಾಗಿದೆ ಎಂದರ್ಥ. ನಮ್ಮ ವಿಂಗ್‌ನಲ್ಲಿ ಆಗುತ್ತಿದ್ದದ್ದು ಇದೇ.

ಟ್ಯಾಂಕಿನಿಂದ ಹೊರಡುವ ನೀರು 60 ಡಿಗ್ರಿ. ಪ್ಲಾಂಟ್ ರೂಮಿನಲ್ಲಿ ರಿಟರ್ನ್ ಹೆಡರಿನ ಮೀಟರ್ 52 ತೋರಿಸುತ್ತಿತ್ತು. ಎಂಟು ಡಿಗ್ರಿ ಇಳಿದಿದೆ, ಸ್ವಲ್ಪ ಜಾಸ್ತಿಯೇ ಆಯಿತು, ಆದರೆ ಗಾಬರಿ ಬೀಳುವಂಥದ್ದಲ್ಲ ಎಂದು ಯಾರಿಗಾದರೂ ಅನ್ನಿಸೀತು. ಆರು ರಿಟರ್ನ್‌ಗಳನ್ನೂ ಟೆರೇಸಿನಲ್ಲಿ ಒಂದೊಂದಾಗಿ ಅಳೆದಾಗ ಬಂದ ಅಂಕಿ ಬೇರೆಯೇ ಕಥೆ ಹೇಳಿತು: ಮೊದಲನೆಯದು 56, ಆಮೇಲೆ 55, 54, 51, 44, ಕೊನೆಯದು 31. ಹೆಡರಿನ ಮೀಟರ್ ತೋರಿಸುವುದು ಬೆರೆತ ನೀರಿನ ಸರಾಸರಿ. ಹೆಚ್ಚು ನೀರು ಬರುತ್ತಿರುವುದು ಹತ್ತಿರದ ಶಾಫ್ಟ್‌ಗಳಿಂದಲೇ ಆದ್ದರಿಂದ ಕೊನೆಯ ಶಾಫ್ಟ್ ಸತ್ತೇ ಹೋಗಿದ್ದರೂ ಆ ಮೀಟರಿಗೆ ಗೊತ್ತಾಗುವುದಿಲ್ಲ.

ಗೆಸ್ಟ್ ಬೈಗುಳಕ್ಕಿಂತ ದೊಡ್ಡ ವಿಷಯವೊಂದು ಇಲ್ಲಿದೆ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಪೈಪಿನ ನೀರಿನಲ್ಲಿ ಬೆಳೆಯುವುದು ಸುಮಾರು 20ರಿಂದ 45 ಡಿಗ್ರಿಯ ನಡುವೆ. ಶವರಿನ ಸೂಕ್ಷ್ಮ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ತರುತ್ತದೆ. ಅದಕ್ಕೇ ಜರ್ಮನಿಯ ನಿಯಮ ಹೊರಡುವ ನೀರು 60, ವಾಪಸು ಬರುವಾಗ 55ಕ್ಕೆ ಕಡಿಮೆ ಇರಕೂಡದು ಎನ್ನುತ್ತದೆ; ಬ್ರಿಟನ್ನಿನ ಮಾರ್ಗಸೂಚಿ 60ರಲ್ಲಿ ಶೇಖರಿಸಿ, ಒಂದು ನಿಮಿಷದೊಳಗೆ ನಲ್ಲಿಯಲ್ಲಿ 50 ಬರಲಿ ಎನ್ನುತ್ತದೆ. ನಮ್ಮ ಆರನೆಯ ಶಾಫ್ಟಿನ 31 ಡಿಗ್ರಿ ಆ ಬ್ಯಾಕ್ಟೀರಿಯಾಗೆ ಹೇಳಿ ಮಾಡಿಸಿದ ಜಾಗ.

ಈಗ ಶಾಖ ಎಲ್ಲಿ ಹೋಗುತ್ತಿದೆ ನೋಡೋಣ. ನೀರು 60, ಸುತ್ತಲ ಗಾಳಿ 25 ಎಂದುಕೊಳ್ಳಿ. 13 ಮಿ.ಮೀ. ನೈಟ್ರೈಲ್ ರಬ್ಬರ್ ಸುತ್ತಿದ 50 ಮಿ.ಮೀ. ಮೇನ್ ಲೈನ್ ಮೀಟರಿಗೆ ಸುಮಾರು 17 ವ್ಯಾಟ್ ಕಳೆದುಕೊಳ್ಳುತ್ತದೆ. ಅದೇ ರಬ್ಬರ್ ಸುತ್ತಿದ 32 ಮಿ.ಮೀ. ಡ್ರಾಪ್ 12 ವ್ಯಾಟ್, 20 ಮಿ.ಮೀ. ರಿಟರ್ನ್ 8 ವ್ಯಾಟ್, ತುಸು ತಣ್ಣಗಿರುವ ರಿಟರ್ನ್ ಹೆಡರ್ 10 ವ್ಯಾಟ್. ಉದ್ದದಿಂದ ಗುಣಿಸಿ ಕೂಡಿದರೆ ಇಡೀ ವಿಂಗ್ ಕಳೆದುಕೊಳ್ಳಬೇಕಾದದ್ದು 2.85 ಕಿಲೋವ್ಯಾಟ್. ಆದರೆ ಇಲ್ಲಿ ಟೆರೇಸಿನಲ್ಲಿ ಮಾತ್ರ ರಬ್ಬರ್ ಇತ್ತು. ಶಾಫ್ಟಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟರೆ ಮೇಲಿನಿಂದ ಕೆಳಗಿನವರೆಗೂ ಬರಿ ಪೈಪು. ಒಳಗಡೆ ತಾನೇ, ಗಾಳಿ ಮಳೆ ತಾಗಲ್ಲವಲ್ಲ ಎಂದು ಬಿಟ್ಟಿದ್ದರು. ಬರಿ ಮೈಯ 32 ಮಿ.ಮೀ. ಪೈಪ್ ಮೀಟರಿಗೆ 32 ವ್ಯಾಟ್ ಬಿಡುತ್ತದೆ, 20 ಮಿ.ಮೀ. ರಿಟರ್ನ್ 21 ವ್ಯಾಟ್. ಆರೂ ಶಾಫ್ಟಿನಲ್ಲಿ ಬಿಸಿನೀರು ಸರಿಯಾಗಿ ತಿರುಗುವಂತಿದ್ದರೆ ಒಟ್ಟು ನಷ್ಟ 5.2 ಕಿಲೋವ್ಯಾಟ್ ಆಗುತ್ತಿತ್ತು. ಅಂದರೆ ದಿನಕ್ಕೆ 125 ಯೂನಿಟ್ ಶಾಖ. 48 ರೂಮಿನ ವಿಂಗ್ ಮುಕ್ಕಾಲು ಭಾಗ ತುಂಬಿದ ದಿನ, ಗೆಸ್ಟ್‌ಗಳು ನಿಜವಾಗಿ ಸ್ನಾನಕ್ಕೆ ಬಳಸುವ ಶಾಖವೇ ಹೆಚ್ಚುಕಡಿಮೆ 150 ಯೂನಿಟ್ ಎಂದು ನನ್ನ ಅಂದಾಜು. ಹತ್ತಿರ ಹತ್ತಿರ ಅಷ್ಟೇ ಶಾಖವನ್ನು ಶಾಫ್ಟ್‌ಗೂ ಟೆರೇಸಿಗೂ ಕೊಡುವುದು ಯಾವ ಲೆಕ್ಕ!

ನಷ್ಟ ಗೊತ್ತಾದರೆ ಪಂಪ್ ಎಷ್ಟು ನೀರು ತಳ್ಳಬೇಕು ಎಂಬುದು ಒಂದು ಸಾಲಿನ ಗುಣಾಕಾರ. ಕಿಲೋವ್ಯಾಟನ್ನು 860ರಿಂದ ಗುಣಿಸಿ, ನೀರು ಎಷ್ಟು ಡಿಗ್ರಿ ಇಳಿಯಲು ಬಿಡುತ್ತೀರೋ ಅದರಿಂದ ಭಾಗಿಸಿ; ಬರುವುದು ಗಂಟೆಗೆ ಲೀಟರ್. 2.85 ಕಿಲೋವ್ಯಾಟಿಗೆ, ಐದು ಡಿಗ್ರಿ ಇಳಿತಕ್ಕೆ, ಸುಮಾರು 490 ಲೀಟರ್. ನಿಮಿಷಕ್ಕೆ 8 ಲೀಟರ್, ಅಂದರೆ ಒಂದು ಶವರಿನಷ್ಟು ಹರಿವು! 48 ರೂಮಿನ ಲೂಪಿಗೆ ಇಷ್ಟು ಸಾಕು ಎಂದರೆ ಬಹಳ ಜನ ನಂಬುವುದಿಲ್ಲ. ಆದರೆ ರಿಟರ್ನ್ ಪಂಪಿನ ಕೆಲಸ ಗೆಸ್ಟ್‌ಗೆ ನೀರು ಕೊಡುವುದಲ್ಲ, ಪೈಪು ಕಳೆದುಕೊಂಡ ಶಾಖವನ್ನು ತುಂಬುವುದು ಮಾತ್ರ. ಇನ್ಸುಲೇಷನ್ ಇಲ್ಲದ 5.2 ಕಿಲೋವ್ಯಾಟಿಗೆ ಇದೇ ಲೆಕ್ಕ 900 ಲೀಟರ್ ಕೇಳುತ್ತದೆ. ಇದ್ದ 500 ಲೀಟರಿನ ಪಂಪು ಸರಿಯಾದ ಇನ್ಸುಲೇಷನ್ ಇದ್ದಿದ್ದರೆ ಸರಿಯಾದ ಪಂಪೇ ಆಗಿತ್ತು.

ಇಲ್ಲಿ ಎತ್ತರದ ಪ್ರಶ್ನೆ ಬರುತ್ತದೆ. ನಾಲ್ಕು ಮಹಡಿ ಮೇಲೆ ಎತ್ತಬೇಕಲ್ಲ ಸಾರ್, 12 ಮೀಟರ್ ಹೆಡ್ ಬೇಡವೇ ಎಂದು ಕೇಳುತ್ತಾರೆ. ಬೇಡ. ಜಾತ್ರೆಯ ತೊಟ್ಟಿಲಿನ ಹಾಗೆ, ಇಳಿಯುವ ಕಡೆಯ ತೂಕವೇ ಏರುವ ಕಡೆಯನ್ನು ಎತ್ತುತ್ತದೆ. ಮುಚ್ಚಿದ ಲೂಪಿನಲ್ಲಿ ಪಂಪ್ ಗೆಲ್ಲಬೇಕಾದದ್ದು ಪೈಪು, ಬೆಂಡು, ಎನ್‌ಆರ್‌ವಿ, ಬ್ಯಾಲೆನ್ಸಿಂಗ್ ವಾಲ್ವ್‌ಗಳ ಘರ್ಷಣೆಯನ್ನು ಮಾತ್ರ. ನಮ್ಮ ವಿಂಗ್‌ನಲ್ಲಿ ಅದು ಒಂದೂವರೆ, ಹೆಚ್ಚೆಂದರೆ ಎರಡು ಮೀಟರ್. ಒಂದು ಬಲ್ಬಿನಷ್ಟು ಕರೆಂಟು ತಿನ್ನುವ ಚಿಕ್ಕ ಸರ್ಕ್ಯುಲೇಟರ್ ಸಾಕು. ಬಾಡಿ ಮಾತ್ರ ಬ್ರಾಂಜ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ದಿನವೂ ಹೊಸ ನೀರು, ಹೊಸ ಆಮ್ಲಜನಕ ಬರುವ ಲೈನಿನಲ್ಲಿ ಎರಕದ ಕಬ್ಬಿಣ ತುಕ್ಕು ಹಿಡಿದು ನೀರನ್ನು ಕೆಂಪಾಗಿಸುತ್ತದೆ.

ಹಾಗಾದರೆ ದೊಡ್ಡ ಪಂಪ್ ಹಾಕಿದವರಿಗೆ ದೂರು ನಿಂತದ್ದು ಹೇಗೆ? ನಿಲ್ಲುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮ ಆರನೆಯ ಶಾಫ್ಟಿಗೆ ಗಂಟೆಗೆ ಹೋಗುತ್ತಿದ್ದದ್ದು ಬರೀ 12 ಲೀಟರ್. ಪಂಪನ್ನು ಮೂರು ಪಟ್ಟು ಮಾಡಿದರೆ ಅಲ್ಲಿಗೆ 36 ಲೀಟರ್ ಹೋಗಿ ನೆಲಮಹಡಿಯಲ್ಲಿ 48 ಡಿಗ್ರಿ ಹತ್ತಿರ ಬಂದೀತು. ಆದರೆ ಆ 24 ಲೀಟರಿಗಾಗಿ, ಬೇಡದ ಜಾಗಗಳಲ್ಲೂ ಸೇರಿ ಸಾವಿರ ಲೀಟರ್ ಹೆಚ್ಚು ತಿರುಗಿಸಬೇಕು. ಅದೇ ಪೈಪಿನಲ್ಲಿ ಹರಿವು ಮೂರು ಪಟ್ಟಾದರೆ ಹೆಡ್ ಸುಮಾರು ಒಂಬತ್ತು ಪಟ್ಟು, ನೀರಿಗೆ ಕೊಡಬೇಕಾದ ಶಕ್ತಿ ಇಪ್ಪತ್ತೇಳು ಪಟ್ಟು. ಒಂದೂವರೆ ಮೀಟರ್ ಹೆಡ್ಡಿನ ಪಂಪು ಹದಿಮೂರು ಮೀಟರಿನ ಪಂಪಾಗುತ್ತದೆ. ಒಂದು ಎಚ್‌ಪಿ ಕೊಟೇಷನ್ ಹುಟ್ಟುವುದು ಹೀಗೆ, ಅದು ಓಡುವುದು ದಿನದ 24 ಗಂಟೆ. ಮೇಲಾಗಿ ಗಂಟೆಗೆ 1500 ಲೀಟರ್ ಎಂದರೆ 3000 ಲೀಟರ್ ಟ್ಯಾಂಕ್ ದಿನಕ್ಕೆ ಹನ್ನೆರಡು ಸಲ ಕಲಕಿಹೋಗುತ್ತದೆ. ಮೇಲೆ ಬಿಸಿ, ಕೆಳಗೆ ತಣ್ಣನೆಯ ಪದರ ಉಳಿಯುವುದಿಲ್ಲ. ಹೀಟ್ ಪಂಪಿಗೆ ಸದಾ ಬೆಚ್ಚಗಿನ ನೀರೇ ಸಿಕ್ಕಿ ಅದರ ದಕ್ಷತೆ ಬೀಳುತ್ತದೆ. ಶಾಫ್ಟಿನ ಪೈಪು ಬರಿ ಮೈಯಲ್ಲೇ ಇರುವುದರಿಂದ ನಷ್ಟವೂ ಹಾಗೆಯೇ ಉಳಿಯುತ್ತದೆ. ಕೊನೆಯ ಶಾಫ್ಟ್ ಈಗ ಬಿಸಿಯಾದದ್ದರಿಂದ ಒಂದಿಷ್ಟು ಹೆಚ್ಚೇ ಆಗುತ್ತದೆ.

ಆದ್ದರಿಂದ ಮೊದಲ ಕೆಲಸ ಶಾಫ್ಟಿನ ಇನ್ಸುಲೇಷನ್. ಕ್ಲಾಂಪ್ ಇರುವಲ್ಲಿ, ಟೀ ಇರುವಲ್ಲಿ ಬಿಟ್ಟು ಸುತ್ತಬೇಡಿ. ಟೆರೇಸಿನ ರಬ್ಬರಿಗೆ ಬಿಸಿಲು ಆಗದು. ಮೇಲೆ ಅಲ್ಯೂಮಿನಿಯಂ ಹೊದಿಕೆ ಇಲ್ಲದಿದ್ದರೆ ಒಣಗಿ ಸೀಳುತ್ತದೆ, ಉಳಿದದ್ದನ್ನು ಮಂಗ ಕೀಳುತ್ತದೆ, ಮಳೆನೀರು ಒಳಗೆ ಕೂತ ಮೇಲೆ ಅದು ಇದ್ದೂ ಇಲ್ಲದಂತೆ.

ಎರಡನೆಯದು ಬ್ಯಾಲೆನ್ಸಿಂಗ್. ನಿಮ್ಮಲ್ಲಿ ಹಲವರು ಆರು ಶಾಫ್ಟಿಗೂ ಸಮನಾಗಿ ನೀರು ಹಂಚುವುದೇ ಬ್ಯಾಲೆನ್ಸಿಂಗ್ ಎಂದುಕೊಂಡಿದ್ದೀರಿ. ಅಲ್ಲ. ಸಮನಾಗಬೇಕಾದದ್ದು ಪ್ರತಿ ಡ್ರಾಪಿನ ಕೆಳತುದಿಯ ಉಷ್ಣತೆ. ಮೊದಲ ಶಾಫ್ಟಿನ ನೆತ್ತಿಗೆ ನೀರು 59.6ರಲ್ಲಿ ತಲುಪುತ್ತದೆ, ಅಲ್ಲಿಂದ ಕೆಳಗೆ ಎರಡೂವರೆ ಡಿಗ್ರಿ ಇಳಿದರೂ 57 ಉಳಿಯುತ್ತದೆ. ಅದಕ್ಕೆ ಗಂಟೆಗೆ 47 ಲೀಟರ್ ಸಾಕು. ಕೊನೆಯ ಶಾಫ್ಟಿಗೆ ಬರುವ ಹೊತ್ತಿಗೆ ಮೇನ್ ಲೈನಿನಲ್ಲೇ ಎರಡು ಡಿಗ್ರಿ ಕಳೆದಿರುತ್ತದೆ; ಕೆಳಗೆ ಅದೇ 57 ಬೇಕಾದರೆ ನೀರು ಬೇಗ ಸಾಗಬೇಕು, ಅದಕ್ಕೆ 180 ಲೀಟರ್ ಬೇಕು. ನಡುವಿನ ನಾಲ್ಕಕ್ಕೆ ಕ್ರಮವಾಗಿ 52, 59, 70, 93. ಎಲ್ಲ ಕೂಡಿದರೆ 500ರ ಆಸುಪಾಸು. ಕೊನೆಯದಕ್ಕೆ ಮೊದಲನೆಯದರ ಹೆಚ್ಚುಕಡಿಮೆ ನಾಲ್ಕು ಪಟ್ಟು ಹೋಗಬೇಕು ಎಂದಾಯಿತು. ವಾಲ್ವ್ ಮುಟ್ಟದೆ ಬಿಟ್ಟರೆ ನೀರು ಮಾಡುವುದು ಇದಕ್ಕೆ ತದ್ವಿರುದ್ಧ: ಪಂಪಿಗೆ ಹತ್ತಿರದ ದಾರಿ ಸಲೀಸು, ಅಲ್ಲಿಂದಲೇ ತಿರುಗಿ ಬರುತ್ತದೆ. ಈ ವಿಂಗ್‌ನಲ್ಲಿ ಮೊದಲ ಶಾಫ್ಟ್ 150 ಲೀಟರ್ ಕುಡಿಯುತ್ತಿತ್ತು. ಅದರ ಮೇಲೆ ಕೊನೆಯ ಶಾಫ್ಟಿನ ಬಾಲ್ ವಾಲ್ವನ್ನು ಹಿಂದೆ ಯಾವತ್ತೋ ಯಾರೋ ಮುಕ್ಕಾಲು ಮುಚ್ಚಿ, ತೆರೆಯುವುದನ್ನು ಮರೆತಿದ್ದರು.

ಬಾಲ್ ವಾಲ್ವಿನಿಂದ ಈ ಕೆಲಸ ನೆಟ್ಟಗಾಗದು ಎಂಬುದೂ ಗೊತ್ತಿರಲಿ. ಗಂಟೆಗೆ 47 ಲೀಟರ್ ಎಂದರೆ ನಿಮಿಷಕ್ಕೆ ಮುಕ್ಕಾಲು ಲೀಟರ್, ದಾರದಂಥ ಧಾರೆ. ಬಾಲ್ ವಾಲ್ವನ್ನು ಅಷ್ಟು ಮುಚ್ಚಿದರೆ ಹಿಡಿ ಕೂದಲೆಳೆಯಷ್ಟು ಸರಿದರೂ ಲೆಕ್ಕ ತಪ್ಪುತ್ತದೆ, ಬೋರ್‌ವೆಲ್ ನೀರಿನ ಸುಣ್ಣ ಆ ಸೀಳನ್ನು ಕೆಲವೇ ತಿಂಗಳಲ್ಲಿ ಕಟ್ಟುತ್ತದೆ. ಸುತ್ತಿನ ಅಂಕಿ ಇರುವ ಸಣ್ಣ ಬ್ಯಾಲೆನ್ಸಿಂಗ್ ವಾಲ್ವ್ ಹಾಕಿಸಿ. ಕೈಗೆಟುಕಿದರೆ ರಿಟರ್ನ್ ಬಿಸಿಯಾದಷ್ಟೂ ತಾನಾಗಿ ಮುಚ್ಚಿಕೊಳ್ಳುವ ಥರ್ಮೋಸ್ಟಾಟಿಕ್ ಮಾದರಿಯೇ ಲೇಸು. ಪ್ರತಿ ರಿಟರ್ನಿಗೂ ಒಂದು ಎನ್‌ಆರ್‌ವಿ ಇರಲಿ, ಇಲ್ಲದಿದ್ದರೆ ಬೆಳಗಿನ ಸ್ನಾನದ ಹೊತ್ತಿನಲ್ಲಿ ತಣ್ಣಗಿನ ರಿಟರ್ನ್ ನೀರು ಹಿಂದಕ್ಕೆ ಹರಿದು ಶವರಿಗೆ ಬರುತ್ತದೆ. ಟೆರೇಸಿನಲ್ಲಿ ರಿಟರ್ನ್ ತಿರುಗುವ ಅತಿ ಎತ್ತರದ ಜಾಗದಲ್ಲಿ ಏರ್ ವೆಂಟ್ ಬೇಕೇ ಬೇಕು. ಅಲ್ಲಿ ಗಾಳಿ ಕೂತರೆ ಸಣ್ಣ ಪಂಪಿಗೆ ಆ ಶಾಫ್ಟ್ ಮುಚ್ಚಿದಂತೆಯೇ.

ಅಳೆಯುವುದು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ಯಾರೂ ಸ್ನಾನ ಮಾಡದ ಹೊತ್ತಿನಲ್ಲಿ. ಇಲ್ಲಿ ಒಂದು ಎಚ್ಚರಿಕೆ. ಇನ್‌ಫ್ರಾರೆಡ್ ಗನ್ ಹಿಡಿದು ಬರಿ ಸಿಪಿವಿಸಿ ಪೈಪಿನ ಮೇಲೆ ಬೆಳಕು ಬಿಟ್ಟು ಅಂಕಿ ಬರೆದುಕೊಂಡರೆ ಅದು ನೀರಿನ ಉಷ್ಣತೆಯಲ್ಲ. ಪ್ಲಾಸ್ಟಿಕ್ ಗೋಡೆಯೇ ಶಾಖಕ್ಕೆ ಅಡ್ಡ. 60 ಡಿಗ್ರಿ ನೀರಿರುವ ಬರಿ ಪೈಪಿನ ಹೊರಮೈ ಸುಮಾರು 7 ಡಿಗ್ರಿ ಕಡಿಮೆ ತೋರಿಸುತ್ತದೆ. ತಂತಿಯ ಪ್ರೋಬನ್ನು ಪೈಪಿಗೆ ಟೇಪಿನಿಂದ ಬಿಗಿದು ಅದರ ಮೇಲೆ ಒಂದು ಗೇಣು ರಬ್ಬರ್ ಸುತ್ತಿ ಬಿಡಿ. ಆಗ ವ್ಯತ್ಯಾಸ ಎರಡು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅದನ್ನು ಸೇರಿಸಿಕೊಂಡರೆ ಲೆಕ್ಕ ಸರಿ.

ಶುರುವಿನಲ್ಲಿ ಆರೂ ವಾಲ್ವ್ ಪೂರ್ತಿ ತೆರೆಯಿರಿ, ಗಾಳಿ ಬಿಡಿ. ಆಮೇಲೆ ಹತ್ತಿರದ ಶಾಫ್ಟಿನಿಂದ ಮುಚ್ಚುತ್ತಾ ಬನ್ನಿ, ಕೊನೆಯದನ್ನು ತೆರೆದೇ ಇಡಿ. ಪ್ರತಿ ತಿರುವಿನ ನಂತರ ಮುಕ್ಕಾಲು ಗಂಟೆ ಕಾಯಿರಿ. ಇದು ಕಷ್ಟ, ಗೊತ್ತು. ಆದರೆ ಮೊದಲ ಶಾಫ್ಟಿನ ಡ್ರಾಪ್, ರಿಟರ್ನ್ ಎರಡರಲ್ಲೂ ಸೇರಿ 11 ಲೀಟರ್ ನೀರಿದೆ. 47 ಲೀಟರ್ ಹರಿವಿನಲ್ಲಿ ಅದು ಒಂದು ಸುತ್ತು ಬರಲು ಹದಿನಾಲ್ಕು ನಿಮಿಷ, ಪೈಪು ರಬ್ಬರು ಕಾಯಲು ಇನ್ನಷ್ಟು. ಐದು ನಿಮಿಷಕ್ಕೆ ಹೋಗಿ ನೋಡಿ ಮತ್ತೆ ತಿರುಗಿಸಿದವರು ಸಂಜೆಯವರೆಗೂ ತಿರುಗಿಸುತ್ತಲೇ ಇರುತ್ತಾರೆ. ಸರಿಹೊಂದಿದಾಗ ಟೆರೇಸಿನ ವಾಲ್ವ್ ಹತ್ತಿರ ನೀರು ಮೊದಲ ಶಾಫ್ಟಿನಲ್ಲಿ 55ರ ಸುತ್ತ, ಕೊನೆಯದರಲ್ಲಿ 56ರ ಮೇಲೆ ಇರಬೇಕು. ಕೊನೆಯದು ಹೆಚ್ಚು ಬಿಸಿ ಕಂಡರೆ ತಪ್ಪಲ್ಲ: ಅಲ್ಲಿ ನೀರು ಬೇಗ ಹತ್ತುವುದರಿಂದ ದಾರಿಯಲ್ಲಿ ಕಳೆದುಕೊಳ್ಳುವುದು ಕಡಿಮೆ. ಹೆಡರಿನ ಮೀಟರ್ 55 ತೋರಿಸುತ್ತದೆ. ನಮ್ಮ ವಿಂಗ್ ಅದೇ ಹಳೆಯ ಪಂಪಿನಲ್ಲಿ ಈ ಅಂಕಿಗಳಿಗೆ ಬಂದು ನಿಂತಿತು.

ಇಷ್ಟೆಲ್ಲ ಮಾಡಿಯೂ ಒಂದು ಶಾಫ್ಟ್ ಮಾತ್ರ ಮೊಂಡು ಹಿಡಿದರೆ ತಣ್ಣೀರು ಎಲ್ಲಿಂದಲೋ ಬಿಸಿ ಲೈನಿಗೆ ನುಗ್ಗುತ್ತಿದೆಯೇ ನೋಡಿ. ಮಿಕ್ಸರ್ ತೆರೆದಿಟ್ಟು, ತುದಿಯ ಹೆಲ್ತ್ ಫಾಸೆಟ್ ಅಥವಾ ಹ್ಯಾಂಡ್ ಶವರಿನ ಟ್ರಿಗರ್ ಮಾತ್ರ ಮುಚ್ಚಿರುವ ರೂಮು ಒಂದಿದ್ದರೆ ಸಾಕು, ಒತ್ತಡ ಹೆಚ್ಚಿರುವ ತಣ್ಣೀರು ಮಿಕ್ಸರಿನೊಳಗಿನಿಂದಲೇ ಬಿಸಿ ಕಡೆಗೆ ದಾಟುತ್ತದೆ. ಪತ್ತೆ ಸುಲಭ: ಆ ಶಾಫ್ಟಿನ ಡ್ರಾಪ್ ಮತ್ತು ರಿಟರ್ನ್ ವಾಲ್ವ್ ಎರಡನ್ನೂ ಮುಚ್ಚಿ, ಒಂದು ರೂಮಿನಲ್ಲಿ ಬಿಸಿನೀರಿನ ನಲ್ಲಿಯನ್ನಷ್ಟೇ ತೆರೆಯಿರಿ. ಪೈಪಿನಲ್ಲಿದ್ದ ನೀರು ಖಾಲಿಯಾದ ಮೇಲೂ ಧಾರೆ ನಿಲ್ಲದಿದ್ದರೆ ಬರುತ್ತಿರುವುದು ತಣ್ಣೀರೇ. ಎಂಟು ರೂಮಿನ ಮಿಕ್ಸರ್ ಒಂದೊಂದಾಗಿ ಮುಚ್ಚುತ್ತಾ ಹೋದರೆ ಕಳ್ಳ ಸಿಗುತ್ತಾನೆ. ಇದಕ್ಕೆ ಎಷ್ಟು ಎಚ್‌ಪಿ ಪಂಪ್ ತಂದರೂ ಪರಿಹಾರವಿಲ್ಲ.

ಕರೆಂಟ್ ಉಳಿಸಲು ರಾತ್ರಿ ಪಂಪ್ ನಿಲ್ಲಿಸುವ ಟೈಮರ್ ಬಗ್ಗೆಯೂ ಕೇಳುತ್ತೀರಿ. ಮನೆಗಾದರೆ ಯೋಚಿಸಬಹುದು. ಹೋಟೆಲಿಗೆ ನಾನು ಒಪ್ಪುವುದಿಲ್ಲ. ಅಷ್ಟು ಸಣ್ಣ ಪಂಪಿನಲ್ಲಿ ಉಳಿಯುವ ಕರೆಂಟು ನಗಣ್ಯ, ಉಳಿಯುವ ಶಾಖವೂ ಅಷ್ಟಕ್ಕಷ್ಟೇ. ಪೈಪುಗಳೆಲ್ಲ ಪ್ರತಿ ರಾತ್ರಿ ಆ 20–45ರ ವಲಯಕ್ಕೆ ಇಳಿಯುವುದು ಮಾತ್ರ ಖಾತ್ರಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ದೊಡ್ಡ ಪಂಪಿನ ಕೊಟೇಷನ್ ತಂದವರನ್ನು ಮೊದಲು ಪ್ರತಿ ಶಾಫ್ಟಿನ ರಿಟರ್ನ್ ಉಷ್ಣತೆ ಕೇಳಿ. ಅಂಕಿ ಇಲ್ಲದಿದ್ದರೆ ಕೊಟೇಷನ್ ವಾಪಸು ಕಳಿಸಿ. ಬ್ಯಾಲೆನ್ಸಿಂಗ್ ಆದ ದಿನ ಪ್ರತಿ ವಾಲ್ವ್ ಎಷ್ಟು ಸುತ್ತು ತೆರೆದಿದೆ, ಅಲ್ಲಿ ಎಷ್ಟು ಡಿಗ್ರಿ ಎಂದು ಒಂದು ಹಾಳೆಯಲ್ಲಿ ಬರೆದು ಪ್ಲಾಂಟ್ ರೂಮಿನ ಬಾಗಿಲ ಹಿಂದೆ ಅಂಟಿಸಿ. ನಿಮ್ಮ ನಂತರ ಆ ಕೆಲಸಕ್ಕೆ ಬರುವ ಹುಡುಗನಿಗೆ ಯಾವ ವಾಲ್ವ್ ಮುಟ್ಟಬಾರದು ಎಂಬುದಾದರೂ ಗೊತ್ತಾಗಲಿ.

ಇಂತಿ ನಿಮ್ಮ,
ಒಬ್ಬ ಪ್ಲಂಬಿಂಗ್ ಡಿಸೈನರ್